ಯಾವ ನೂರಕ್ಕೆ?

ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ರಸ್ತೆಯಂಚಿಗೆ ಗೋಣಿತಾಟು ಹಾಸಿಕೊಂಡು ತರಕಾರಿ ಮಾರುವ ಒಬ್ಬ ಅಜ್ಜಿಯ ಹತ್ತಿರ ನಾನು ಎಷ್ಟೋ ವರ್ಷಗಳಿಂದ ಕೊಳ್ಳುತ್ತಿದ್ದೇನೆ. ಬೆಳಗಿನ ಜಾವ ಕಲಾಸಿಪಾಳ್ಯದ ಸಗಟು ಮಾರುಕಟ್ಟೆಗೆ ಹೋಗಿ, ಇನ್ನಿಬ್ಬರು ಹೆಂಗಸರ ಜೊತೆ ಒಂದೇ ಆಟೋದಲ್ಲಿ ಮೂಟೆ ಹೇರಿಕೊಂಡು ಬಂದು, ಏಳು ಗಂಟೆಗೆಲ್ಲ ಬೋಣಿಗೆ ಕಾಯುತ್ತ ಕೂತಿರುತ್ತಾರೆ. ಹೋದ ದಸರಾ ರಜೆಯಲ್ಲಿ ಅವರ ಪಕ್ಕದಲ್ಲಿ ಒಬ್ಬಳು ಹುಡುಗಿ ಕಾಣಿಸಿಕೊಂಡಳು. ಮೊಮ್ಮಗಳು, ಏಳನೇ ಕ್ಲಾಸು. ಅಜ್ಜಿ ಕರೆಯುವುದು ಪುಟ್ಟಿ ಎಂದು. ನನಗೂ ಅದೇ ಹೆಸರು ಬಾಯಿಗೆ ಬಂತು.

ಪುಟ್ಟಿಯ ತೊಡೆಯ ಮೇಲೆ ಯಾವಾಗಲೂ ಒಂದು ನೋಟ್‌ಬುಕ್ ಇರುತ್ತಿತ್ತು. ರಜೆಗೆ ಕೊಟ್ಟ ಮನೆಗೆಲಸ. ಹತ್ತು ಲೆಕ್ಕ, ಎಲ್ಲವೂ ಶೇಕಡಾವಾರು. ಸೂತ್ರ ಅವಳಿಗೆ ಬಾಯಿಪಾಠವಾಗಿತ್ತು: ಲಾಭವನ್ನು ಅಸಲಿನಿಂದ ಭಾಗಿಸು, ನೂರರಿಂದ ಗುಣಿಸು. ಹತ್ತಕ್ಕೆ ಹತ್ತೂ ಸರಿ ಮಾಡಿದ್ದಳು. ಆದರೆ ಆ ಸೂತ್ರದಲ್ಲಿ ಅಸಲು ಕೆಳಗೇ ಏಕೆ ಕೂತಿದೆ, ಮಾರಿದ ಬೆಲೆ ಅಲ್ಲಿ ಕೂತರೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಬಿ.ಕಾಂ. ಮುಗಿಸಿದ ಎಷ್ಟೋ ಜನ ಈ ಪ್ರಶ್ನೆಗೆ ತಡವರಿಸುವುದನ್ನು ನಾನು ಕಂಡಿದ್ದೇನೆ.

ಮೊದಲ ದಿನ ಅಜ್ಜಿ ತಂದದ್ದು 20 ಕೆ.ಜಿ. ಹುರುಳಿಕಾಯಿ, ಜೊತೆಗೆ ಒಂದಿಷ್ಟು ಸೊಪ್ಪು. ಹುರುಳಿಕಾಯಿಗೆ ಆಟೋ ಬಾಡಿಗೆ ಸೇರಿ ಕೆ.ಜಿ.ಗೆ 40 ರೂಪಾಯಿ ಬಿದ್ದಿತ್ತು. ಮಾರುವುದು 50ಕ್ಕೆ.

“ಎಷ್ಟು ಸಿಗುತ್ತೆ ಅಜ್ಜಿ?” ಎಂದು ಪುಟ್ಟಿ ಕೇಳಿದಳು.

“ರೂಪಾಯಿಗೆ ನಾಲ್ಕಾಣೆ ಕಣೇ.”

ಪುಟ್ಟಿಗೆ ಆಣೆ ಎಂದರೇನೆಂದು ಗೊತ್ತಿಲ್ಲ. ಅವಳು ಹುಟ್ಟುವ ಹೊತ್ತಿಗೆ ನಾಲ್ಕಾಣೆಯ ನಾಣ್ಯವೇ ಇರಲಿಲ್ಲ. 25 ಪೈಸೆಯ ಬಿಲ್ಲೆಯ ಚಲಾವಣೆ ನಿಂತದ್ದು 2011ರ ಜೂನ್ ಕೊನೆಯಲ್ಲಿ. ಅಜ್ಜಿ ಬಿಡಿಸಿ ಹೇಳಿದರು. ಹಾಕಿದ ಒಂದೊಂದು ರೂಪಾಯಿಯೂ ತನ್ನ ಹಿಂದೆ ಇಪ್ಪತ್ತೈದು ಪೈಸೆ ಕರಕೊಂಡು ಬರುತ್ತದೆ. ನಲವತ್ತು ರೂಪಾಯಿ ಹಾಕಿದ್ದೀವಿ, ನಲವತ್ತು ನಾಲ್ಕಾಣೆ ಬಂತು, ಅಂದರೆ ಹತ್ತು ರೂಪಾಯಿ.

ಪುಟ್ಟಿ ನೋಟ್‌ಬುಕ್ಕಿನಲ್ಲಿ ಸೂತ್ರ ಹಾಕಿ ನೋಡಿದಳು. ಹತ್ತು ಭಾಗಿಸು ನಲವತ್ತು, ಗುಣಿಸು ನೂರು. ಇಪ್ಪತ್ತೈದು. “ಅಜ್ಜೀ, ನಮ್ ಮಿಸ್ಸು ಹೇಳಿದ್ದೂ ಇದೇ!” ಎಂದು ಕೂಗಿಕೊಂಡಳು.

ಅದೇ ಹೌದು. 1957ರ ಏಪ್ರಿಲ್ 1ರಂದು ನಮ್ಮ ರೂಪಾಯಿ ಹದಿನಾರಾಣೆಯ ಲೆಕ್ಕ ಬಿಟ್ಟು ನೂರು ಪೈಸೆಯ ಲೆಕ್ಕಕ್ಕೆ ಬಂತು. ಅಂದಿನಿಂದ ‘ರೂಪಾಯಿಗೆ ಎಷ್ಟು ಪೈಸೆ’ ಎಂಬ ಮಾತೂ ‘ಶೇಕಡಾ ಎಷ್ಟು’ ಎಂಬ ಮಾತೂ ಒಂದೇ ಆಗಿಬಿಟ್ಟವು. ಶೇಕಡಾ ಎಂದರೆ ನೂರಕ್ಕೆ ಇಷ್ಟು. ಪೈಸೆ ಎಂದರೆ ರೂಪಾಯಿಯ ನೂರನೇ ಒಂದು ಪಾಲು. ಹಾಗಾಗಿ ಶೇಕಡಾ 25 ಎಂದು ಎಲ್ಲಿ ಕಂಡರೂ ಮನಸ್ಸಿನಲ್ಲಿ ‘ರೂಪಾಯಿಗೆ 25 ಪೈಸೆ’ ಎಂದು ಓದಿಕೊಳ್ಳಬಹುದು. ಹಾಗೆ ಓದಿಕೊಂಡ ಕೂಡಲೇ ಇನ್ನೊಂದು ಪ್ರಶ್ನೆ ತಾನಾಗಿ ಏಳುತ್ತದೆ: ಯಾವ ರೂಪಾಯಿಗೆ?

ಈ ಪ್ರಶ್ನೆ ಎದ್ದದ್ದು ಮಧ್ಯಾಹ್ನ ದುಡ್ಡಿನ ಡಬ್ಬ ಎಣಿಸುವಾಗ. ಅಷ್ಟು ಹೊತ್ತಿಗೆ 12 ಕೆ.ಜಿ. ಹುರುಳಿಕಾಯಿ ಹೋಗಿತ್ತು, ಡಬ್ಬದಲ್ಲಿ 600 ರೂಪಾಯಿ. ಪುಟ್ಟಿ ಚಟಪಟನೆ ಹೇಳಿದಳು, ಶೇಕಡಾ ಇಪ್ಪತ್ತೈದು ಲಾಭ, ಆರುನೂರರಲ್ಲಿ ಇಪ್ಪತ್ತೈದು ಎಂದರೆ ನೂರೈವತ್ತು, ನೂರೈವತ್ತು ರೂಪಾಯಿ ನಮ್ಮದು. ಅಜ್ಜಿ ತಲೆಯಾಡಿಸಲಿಲ್ಲ. ಹನ್ನೆರಡು ಕೆ.ಜಿ., ಕೆ.ಜಿ.ಗೆ ಹತ್ತು, ನೂರಿಪ್ಪತ್ತು ತಾನೇ? ಮೂವತ್ತು ರೂಪಾಯಿ ಎಲ್ಲಿಂದ ಬಂತು?

ಹುಡುಗಿಯ ಮುಖ ಸಣ್ಣದಾಯಿತು. ಅಜ್ಜಿ ಡಬ್ಬದಿಂದ ಐದು ಹತ್ತರ ನೋಟು ತೆಗೆದು ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟರು. ಇವು ಗಿರಾಕಿ ಕೊಟ್ಟ ಐವತ್ತು. ನಾಲ್ಕು ನೋಟು ಮಂಡಿಯವನದು ಎಂದು ಒಂದು ಕಡೆ ಸರಿಸಿದರು. ಉಳಿದ ಒಂದು ನಮ್ಮದು. “ಹಾಕಿದ ದುಡ್ಡು ನೋಡಿದ್ರೆ ನಾಲ್ಕಕ್ಕೆ ಒಂದು. ಬಂದ ದುಡ್ಡು ನೋಡಿದ್ರೆ ಐದಕ್ಕೆ ಒಂದು. ನೋಟು ಅದೇ ಕಣೇ.”

ಹಾಕಿದ ದುಡ್ಡು, ಬಂದ ದುಡ್ಡು. ಶೇಕಡಾವಾರಿನ ಅರ್ಧ ಕಷ್ಟ ಈ ಎರಡು ಮಾತಿನಲ್ಲಿ ಬಿಡಿಸಿಕೊಳ್ಳುತ್ತದೆ ಎಂದು ನನಗೆ ಅವತ್ತು ಅನ್ನಿಸಿತು. ಹತ್ತು ರೂಪಾಯಿಯನ್ನು ಹಾಕಿದ ನಲವತ್ತರ ಪಕ್ಕ ಇಟ್ಟರೆ ರೂಪಾಯಿಗೆ 25 ಪೈಸೆ, ಬಂದ ಐವತ್ತರ ಪಕ್ಕ ಇಟ್ಟರೆ ರೂಪಾಯಿಗೆ 20 ಪೈಸೆ. ಎರಡೂ ಸತ್ಯ. ಪುಟ್ಟಿ ಮಾಡಿದ ತಪ್ಪು ಒಂದೇ, ಹಾಕಿದ ದುಡ್ಡಿನ ಶೇಕಡಾವನ್ನು ಬಂದ ದುಡ್ಡಿನ ಮೇಲೆ ಹಾಕಿದಳು. 600ರಲ್ಲಿ ಅವರ ಪಾಲು ಐದನೇ ಒಂದು ಭಾಗ, 120.

ಇಷ್ಟಕ್ಕೇ ಲೆಕ್ಕ ಮುಗಿಯಿತೆಂದು ಅವಳು ಅಂದುಕೊಂಡಳು, ನಾನೂ ಅಂದುಕೊಂಡೆ. ಸಂಜೆ ಇನ್ನೊಂದು ಪೆಟ್ಟು ಕಾದಿತ್ತು.

ಹುರುಳಿಕಾಯಿ ಒಂದು ದಿನದ ಸರಕು. ಎರಡನೇ ದಿನಕ್ಕೆ ನಾರು ಬಿಟ್ಟು ಬಾಡುತ್ತದೆ, ಮುರಿದರೆ ಚಟ್ ಎನ್ನುವುದಿಲ್ಲ, ಬಗ್ಗುತ್ತದೆ. ಮುರಿದು ನೋಡದೆ ಗಾಂಧಿ ಬಜಾರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಐದೂವರೆಗೆ ಇನ್ನೂ 8 ಕೆ.ಜಿ. ಉಳಿದಿತ್ತು. ಅಜ್ಜಿಗೆ ಮಾತ್ರೆ ತರಲು ಔಷಧಿ ಅಂಗಡಿಗೆ ಹೋಗಬೇಕಿತ್ತು. “ಉಳಿದಿದ್ದನ್ನ ಅಸಲಿಗೆ ಕೊಟ್ಬಿಡು ಪುಟ್ಟಿ” ಎಂದು ಹೇಳಿ ಎದ್ದರು.

ಪುಟ್ಟಿ ಯೋಚಿಸಿದಳು. ಅಸಲಿನ ಮೇಲೆ ಶೇಕಡಾ 25 ಏರಿಸಿದ್ದೇವೆ. ಅಸಲಿಗೆ ಇಳಿಯಬೇಕಾದರೆ ಶೇಕಡಾ 25 ಇಳಿಸಬೇಕು. ರಟ್ಟಿನ ಮೇಲೆ ದೊಡ್ಡದಾಗಿ ‘25% ರಿಯಾಯಿತಿ’ ಎಂದು ಬರೆದು ರಾಶಿಗೆ ಒರಗಿಸಿದಳು. ರಟ್ಟು ಕೆಲಸ ಮಾಡಿತು. ಅರ್ಧ ಗಂಟೆಯಲ್ಲಿ ಗೋಣಿತಾಟು ಖಾಲಿ.

ಅಜ್ಜಿ ಬಂದು ಎಣಿಸಿದರು. ಮಧ್ಯಾಹ್ನದ 600, ಉಳಿದ ಎಂಟು ಕೆ.ಜಿ.ಗೆ ನಲವತ್ತರಂತೆ 320, ಒಟ್ಟು 920 ಇರಬೇಕು. ಇದ್ದದ್ದು 900. ಮತ್ತೆ ಎಣಿಸಿದರು. ಮತ್ತೆ 900. ಇಪ್ಪತ್ತು ರೂಪಾಯಿ ಬಿದ್ದುಹೋಯಿತೇನೋ ಎಂದು ಗೋಣಿತಾಟು ಎತ್ತಿ ಕೊಡವಿದರು. ಪುಟ್ಟಿಯ ಕಣ್ಣಲ್ಲಿ ನೀರು.

ದುಡ್ಡು ಎಲ್ಲೂ ಬಿದ್ದಿರಲಿಲ್ಲ. ಏರಿದ್ದು 40ರ ಶೇಕಡಾ 25, ಹತ್ತು ರೂಪಾಯಿ. ಇಳಿಸಿದ್ದು 50ರ ಶೇಕಡಾ 25, ಹನ್ನೆರಡೂವರೆ ರೂಪಾಯಿ. ಹತ್ತು ಮೆಟ್ಟಿಲು ಹತ್ತಿ ಹನ್ನೆರಡೂವರೆ ಮೆಟ್ಟಿಲು ಇಳಿದ ಹಾಗಾಯಿತು. ಪುಟ್ಟಿ ಹುರುಳಿಕಾಯಿಯನ್ನು 37 ರೂಪಾಯಿ 50 ಪೈಸೆಗೆ ಮಾರಿದ್ದಳು, ಅಸಲಿಗಿಂತ ಎರಡೂವರೆ ಕಡಿಮೆ. ಎಂಟು ಕೆ.ಜಿ.ಗೆ ಅದೇ ಇಪ್ಪತ್ತು. ನಲವತ್ತರಿಂದ ಐವತ್ತಕ್ಕೆ ಹೋಗಲು ನೂರಕ್ಕೆ 25 ಬೇಕು, ಐವತ್ತರಿಂದ ನಲವತ್ತಕ್ಕೆ ಬರಲು ನೂರಕ್ಕೆ 20 ಸಾಕು, ಏಕೆಂದರೆ ಮೇಲೆ ಹೋದ ಮೇಲೆ ನೂರು ಎಂದು ಕರೆಯುವ ವಸ್ತುವೇ ದೊಡ್ಡದಾಗಿರುತ್ತದೆ. ಮಧ್ಯಾಹ್ನ ಅಜ್ಜಿ ನೋಟು ಜೋಡಿಸಿ ತೋರಿಸಿದ್ದೂ ಇದನ್ನೇ, ನಾಲ್ಕಕ್ಕೆ ಒಂದು ಮತ್ತು ಐದಕ್ಕೆ ಒಂದು. ಮಧ್ಯಾಹ್ನ ಕಲಿತ ಪಾಠ ಸಂಜೆ ಬೇರೆ ಬಟ್ಟೆ ತೊಟ್ಟು ಬಂದಾಗ ಹುಡುಗಿಗೆ ಗುರುತು ಸಿಗಲಿಲ್ಲ, ಅಷ್ಟೇ.

ಅಜ್ಜಿ ಬೈಯಲಿಲ್ಲ. ರಟ್ಟನ್ನು ಹರಿಯಲೂ ಇಲ್ಲ. ಅದರ ಹಿಂಬದಿಯಲ್ಲಿ ಮೊಮ್ಮಗಳ ಕೈಯಲ್ಲಿ ‘ಕೆ.ಜಿ. 40’ ಎಂದು ಬರೆಸಿ ನಾಳೆಗೆ ಎತ್ತಿಟ್ಟರು. ಶೇಕಡಾ ಬರೆದರೆ ಗಿರಾಕಿಗೂ ಯಾವ ಬೆಲೆಯಿಂದ ಇಳಿಸಿದ್ದೆಂದು ತಿಳಿಯುವುದಿಲ್ಲ, ರೂಪಾಯಿ ಬರೆದರೆ ಎಲ್ಲರಿಗೂ ತಿಳಿಯುತ್ತದೆ ಎಂಬುದು ಅವರ ನಂಬಿಕೆ. ಬಟ್ಟೆ ಅಂಗಡಿಗಳ ಆಷಾಢದ ಬೋರ್ಡುಗಳನ್ನು ನೆನೆದಾಗ ನನಗೂ ಅದು ಸರಿ ಅನ್ನಿಸುತ್ತದೆ.

ಬೆಲೆ ಇಳಿಸುವುದಕ್ಕಿಂತ ಅಜ್ಜಿಗೆ ಇಷ್ಟವಾದದ್ದು ಕೊಸರು. “ಐದು ರೂಪಾಯಿ ಕಮ್ಮಿ ಮಾಡ್ಕೊಳಿ ಅಜ್ಜಿ” ಎಂದು ಯಾರಾದರೂ ಜಗ್ಗಿದರೆ, “ರೇಟು ಅಷ್ಟೇ ಕಣವ್ವ” ಎನ್ನುತ್ತ ತಕ್ಕಡಿಗೆ ಇನ್ನೊಂದು ಹಿಡಿ ಹಾಕುತ್ತಾರೆ. ಹಿಡಿ ಎಂದರೆ ಹತ್ತಿರಹತ್ತಿರ ನೂರು ಗ್ರಾಂ. ಕೆ.ಜಿ.ಗೆ ನೂರು ಗ್ರಾಂ ಎಂದರೆ ಹತ್ತಕ್ಕೆ ಒಂದು, ಶೇಕಡಾ 10 ಹೆಚ್ಚು. ಗಿರಾಕಿ ಕೇಳಿದ ಐದು ರೂಪಾಯಿಯೂ ಐವತ್ತರ ಶೇಕಡಾ 10. ಎರಡೂ ಸರಿಸಮ ಎಂದು ಕಾಣುತ್ತದೆ, ಆದರೆ ಅಲ್ಲ. ಕೊಸರು ಕೊಟ್ಟಾಗ ಹನ್ನೊಂದು ಹಿಡಿಗೆ ಹತ್ತು ಹಿಡಿಯ ದುಡ್ಡು ಬರುತ್ತದೆ, ಬಿಟ್ಟದ್ದು ಹನ್ನೊಂದರಲ್ಲಿ ಒಂದು, ಶೇಕಡಾ 9 ಚಿಲ್ಲರೆ. ಬೆಲೆ ಇಳಿಸಿದರೆ ಬಿಟ್ಟದ್ದು ಹತ್ತರಲ್ಲಿ ಒಂದು. ಕೈ ಬಿಡುವ ದುಡ್ಡು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ನೂರು ಗ್ರಾಂ ಕೊಸರಿಗೆ ಅಜ್ಜಿ ಕಳೆದುಕೊಳ್ಳುವುದು ಅಸಲಿನ ಲೆಕ್ಕದಲ್ಲಿ ನಾಲ್ಕು ರೂಪಾಯಿ, ಬೆಲೆ ಇಳಿಸಿದರೆ ಐದು.

ಮೂರನೇ ದಿನ ಟೊಮ್ಯಾಟೊ ಬಂತು. ನಮ್ಮ ಕಡೆ ಟೊಮ್ಯಾಟೊ ಪ್ಲಾಸ್ಟಿಕ್ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುತ್ತದೆ. ಕೋಲಾರದ ಕಡೆಯ ಬಾಕ್ಸ್ ಎಂದರೆ ಸುಮಾರು 15 ಕೆ.ಜಿ. ಅಜ್ಜಿ ತಂದದ್ದು ನಾಟಿ ಟೊಮ್ಯಾಟೊ, ಬಾಕ್ಸಿಗೆ 300 ರೂಪಾಯಿ, ಕೆ.ಜಿ.ಗೆ 20. ನಾಟಿಗೆ ಹುಳಿ ಚೆನ್ನ, ಸಾರಿಗೆ ಅದೇ ಬೇಕು ಎನ್ನುವವರು ಈ ಭಾಗದಲ್ಲಿ ಬಹಳ. ಆದರೆ ಸಿಪ್ಪೆ ತೆಳು. ಆಟೋ ಒಂದು ಗುಂಡಿಗೆ ಬಿದ್ದರೆ ತಳದ ಸಾಲು ಒಡೆಯುತ್ತದೆ, ಒಡೆದ ಒಂದರ ನೀರು ಪಕ್ಕದ ನಾಲ್ಕನ್ನು ಕೆಡಿಸುತ್ತದೆ. ಅಜ್ಜಿ ಬಂದ ಕೂಡಲೇ ಬಾಕ್ಸ್ ಬೋರಲು ಹಾಕಿ ಆರಿಸುವುದು ಅದಕ್ಕೇ. ಅವತ್ತು ಒಡೆದದ್ದು, ಕೊಳೆತದ್ದು ಸೇರಿ ಒಂದೂವರೆ ಕೆ.ಜಿ. ಹೋಯಿತು. ಹದಿನೈದರಲ್ಲಿ ಒಂದೂವರೆ, ಶೇಕಡಾ 10.

ಹಾಗಾದರೆ ಅಸಲು ಎಷ್ಟಾಯಿತು? ಪುಟ್ಟಿ ಈಗ ಹುಷಾರಾಗಿದ್ದಳು, ಆದರೂ ಜಾರಿದಳು. ಶೇಕಡಾ 10 ಹೋಯಿತು, ಶೇಕಡಾ 10 ಏರಿಸೋಣ, 20 ಇದ್ದದ್ದು 22 ಎಂದಳು. ನಾನು ಅವಳ ನೋಟ್‌ಬುಕ್ ತೆಗೆದುಕೊಂಡು ಉಳಿದ ಹದಿಮೂರೂವರೆ ಕೆ.ಜಿ.ಯನ್ನು 22ರಿಂದ ಗುಣಿಸಲು ಹೇಳಿದೆ. 297 ಬಂತು. ಹಾಕಿದ್ದು 300. ಮೂರು ರೂಪಾಯಿ ಮತ್ತೆ ಮಾಯ.

ಅಜ್ಜಿ ಆರಿಸುತ್ತಲೇ ಹೇಳಿದ ಮಾತನ್ನು ನಾನು ಮನೆಗೆ ಹೋಗಿ ಬರೆದಿಟ್ಟುಕೊಂಡೆ. “ಹತ್ತರಲ್ಲಿ ಒಂದು ಸತ್ತೋಯ್ತು. ಅದರ ಭಾರ ಹತ್ತು ಹೊರಲ್ಲ ಕಣೇ, ಉಳಿದ ಒಂಬತ್ತು ಹೊರಬೇಕು.”

ಬಿಡಿಸಿ ನೋಡಿ. ಬಾಕ್ಸನ್ನು ಹತ್ತು ಸಮ ಪಾಲು ಮಾಡಿದರೆ ಒಂದೊಂದು ಪಾಲಿಗೂ 30 ರೂಪಾಯಿ. ಒಂದು ಪಾಲು ಕೊಳೆಯಿತು, ಅದರ 30 ರೂಪಾಯಿಯನ್ನು ಉಳಿದ ಒಂಬತ್ತಕ್ಕೆ ಹಂಚಬೇಕು. ಒಂದೊಂದು ಪಾಲಿನ ಮೇಲೂ ಒಂಬತ್ತನೇ ಒಂದು ಭಾಗ ಹೊರೆ ಬೀಳುತ್ತದೆ. ಶೇಕಡಾ 10 ಅಲ್ಲ, 11 ಚಿಲ್ಲರೆ. ನಿಜವಾದ ಅಸಲು ಕೆ.ಜಿ.ಗೆ 22 ರೂಪಾಯಿ 22 ಪೈಸೆ. ಅದರ ಮೇಲೆ ರೂಪಾಯಿಗೆ ನಾಲ್ಕಾಣೆ ಸೇರಿಸಿದರೆ 28ರ ಹತ್ತಿರ. ಅಜ್ಜಿ ಯಾವ ಕಾಗದವೂ ಇಲ್ಲದೆ 28 ಎಂದು ಕೂಗಲು ಶುರು ಮಾಡಿ ಆಗಲೇ ಹತ್ತು ನಿಮಿಷವಾಗಿತ್ತು.

ಕೊಳೆತ ಪಾಲು ಹೆಚ್ಚಾದಷ್ಟೂ ಈ ಅಂತರ ಭಯ ಹುಟ್ಟಿಸುವಂತೆ ಬೆಳೆಯುತ್ತದೆ. ಮಳೆಗಾಲದಲ್ಲಿ ಐದರಲ್ಲಿ ಒಂದು ಪಾಲು ಹೋದರೆ ಉಳಿದ ನಾಲ್ಕು ಹೊರಬೇಕು, ಬೆಲೆ ಶೇಕಡಾ 25 ಏರಬೇಕು. ಅರ್ಧ ಹೋದರೆ ಬೆಲೆ ದುಪ್ಪಟ್ಟಾಗಬೇಕು. ಮಳೆ ಹಿಡಿದ ವಾರದಲ್ಲಿ ತರಕಾರಿ ಬೆಲೆ ಏಕೆ ಹೀಗೆ ಹಾರುತ್ತದೆ ಎಂದು ನಾವು ಗೊಣಗುತ್ತೇವಲ್ಲ, ಗೋಣಿತಾಟಿನ ಆ ಬದಿಯಲ್ಲಿ ಕೂತು ನೋಡಿದರೆ ಅದರ ಒಂದು ಕಾರಣ ಕಾಣುತ್ತದೆ. ಹಾಗೆಂದು ಅಜ್ಜಿ ಯಾವಾಗಲೂ ಅಷ್ಟು ಏರಿಸಲಾರರು. ಪಕ್ಕದ ಗೋಣಿತಾಟಿನವರು ಒಳ್ಳೆಯ ಬಾಕ್ಸ್ ತಂದು 25ಕ್ಕೆ ಕೂಗಿದರೆ ಇವರೂ ಇಳಿಯಲೇಬೇಕು. ಲೆಕ್ಕ ಹೇಳುವುದು ಎಷ್ಟಕ್ಕೆ ಮಾರಿದರೆ ಗಿಟ್ಟುತ್ತದೆ ಎಂಬುದನ್ನು ಮಾತ್ರ, ಎಷ್ಟಕ್ಕೆ ಹೋಗುತ್ತದೆ ಎಂಬುದನ್ನು ಅಲ್ಲ.

ಸಂತೆಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ಇರುವ ಈ ದೂರವನ್ನು ಅಳೆದು ನೋಡಿದವರಿದ್ದಾರೆ. ಬ್ರೆಜಿಲ್ ದೇಶದ ರೆಸಿಫೆ ಎಂಬ ಊರಿನಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಬಗ್ಗೆ ಮೂವರು ಸಂಶೋಧಕರು 1985ರಲ್ಲಿ ಬರೆದ ಲೇಖನ ಈಗಲೂ ಶಿಕ್ಷಕರ ನಡುವೆ ಚರ್ಚೆಯಲ್ಲಿದೆ. ಒಂದು ತೆಂಗಿನಕಾಯಿಗೆ 35, ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಹನ್ನೆರಡು ವರ್ಷದ ಹುಡುಗ ಪಕ್ಕದಲ್ಲಿ ಸೊನ್ನೆ ಹಾಕಲಿಲ್ಲ. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಹೀಗೆ ಗುಂಪುಗುಂಪಾಗಿ ಕೂಡುತ್ತ 315ನ್ನು ದಾಟಿ 350ಕ್ಕೆ ಬಂದ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳು ನೂರಕ್ಕೆ 98ರಷ್ಟು ಸರಿ ಹೇಳಿದರು. ಅಂಥವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳ ಮಕ್ಕಳನ್ನು ನೋಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ, ಮತ್ತು ಮಗ್ಗುಲು ಬದಲಿಸಿ ಇನ್ನೊಂದನ್ನೂ ಹೇಳುತ್ತದೆ: ಶಾಲೆಯ ಲೆಕ್ಕದಲ್ಲಿ ಮುಂದಿರುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವುತ್ತಾರೆ. ಪುಟ್ಟಿ ಈ ಎರಡನೇ ಗುಂಪಿನವಳು, ಅಜ್ಜಿ ಮೊದಲ ಗುಂಪಿನವರು. ಇಬ್ಬರೂ ಒಂದೇ ಗೋಣಿತಾಟಿನ ಮೇಲೆ ಕೂತದ್ದು ನನ್ನ ಅದೃಷ್ಟ.

ನಮ್ಮ ಹಳೆಯ ಗಣಿತಜ್ಞರು ಈ ಲೆಕ್ಕವನ್ನು ಬರೆಯುತ್ತಿದ್ದ ರೀತಿಯೇ ಬೇರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರ ಪುಸ್ತಕದಲ್ಲಿ ಬಡ್ಡಿ ಲೆಕ್ಕಗಳು ಬೇಕಾದಷ್ಟಿವೆ. ಹನ್ನೆರಡನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಅವರಿಗೆ % ಎಂಬ ಚಿಹ್ನೆ ಇರಲಿಲ್ಲ. ತ್ರೈರಾಶಿಕದಲ್ಲಿ ಮೊದಲು ಪ್ರಮಾಣ, ಆಮೇಲೆ ಫಲ, ಆಮೇಲೆ ಇಚ್ಛೆ. ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು? ಬಡ್ಡಿಯಾದರೆ ನೂರಕ್ಕೆ, ತಿಂಗಳಿಗೆ, ಇಷ್ಟು ಎಂದು ಬಾಯಿಬಿಟ್ಟು ಹೇಳಲೇಬೇಕು. ಯಾವ ನೂರು, ಎಷ್ಟು ಕಾಲ ಎಂಬುದನ್ನು ನುಂಗಿಕೊಂಡು ಮುಂದೆ ಹೋಗಲು ಆ ಕ್ರಮದಲ್ಲಿ ದಾರಿಯಿಲ್ಲ. ಈಗಿನ % ಚಿಹ್ನೆ ಬರೆಯಲು ಸುಲಭ, ಆದರೆ ಯಾವುದರ ನೂರು ಎಂಬುದನ್ನು ಅದು ಬಚ್ಚಿಡುತ್ತದೆ. ನಮ್ಮ ಹಳ್ಳಿಗಳಲ್ಲಿ ಇಂದಿಗೂ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ 24. ಬ್ಯಾಂಕಿನ ಶೇಕಡಾ 9ರ ಎದುರು ಎರಡು ಎಂಬುದು ಎಷ್ಟು ಪುಟ್ಟದಾಗಿ ಕೇಳಿಸುತ್ತದೆ ನೋಡಿ.

ಅದಕ್ಕಿಂತ ಪುಟ್ಟದಾಗಿ ಕೇಳಿಸುವ ಒಂದು ಬಡ್ಡಿ ಅಜ್ಜಿಯ ಗೋಣಿತಾಟಿನ ಹತ್ತಿರವೇ ಬರುತ್ತಿತ್ತು, ದಿನಾ ಸಂಜೆ, ಬೈಕಿನ ಮೇಲೆ.

ಆಗಸ್ಟಿನಲ್ಲಿ ಅಜ್ಜಿಗೆ ಜ್ವರ ಬಂದು ಎರಡು ವಾರ ಮಲಗಿದ್ದರು. ಕೈಯಲ್ಲಿದ್ದ ಬಂಡವಾಳ ಆಸ್ಪತ್ರೆಗೆ ಹೋಯಿತು. ಅಂದಿನಿಂದ ಬೆಳಿಗ್ಗೆ ಮಂಡಿಗೆ ಹೋಗುವ ಮುಂಚೆ ಸಾಲ. ಸಾವಿರ ರೂಪಾಯಿ ಸಾಲವೆಂದು ಹೆಸರು, ಕೈಗೆ ಬರುವುದು ಒಂಬೈನೂರು, ಸಂಜೆ ಹಿಂದಿರುಗಿಸುವುದು ಸಾವಿರ. ನಗರಗಳ ಮಾರುಕಟ್ಟೆಗಳಲ್ಲಿ ಇದನ್ನು ಮೀಟರ್ ಬಡ್ಡಿ ಎನ್ನುತ್ತಾರೆ. ಆ ಹುಡುಗ ಹೇಳುವ ಮಾತು, “ನೂರಕ್ಕೆ ಹತ್ತು ಅಷ್ಟೇ ಅಜ್ಜಿ.”

ಪುಟ್ಟಿ ಇದನ್ನು ಕೇಳಿಸಿಕೊಂಡದ್ದು ಟೊಮ್ಯಾಟೊ ಬಂದ ದಿನವೇ. ಬೈಕು ಹೋದ ಮೇಲೆ ನೋಟ್‌ಬುಕ್ ಬಿಚ್ಚಿದಳು. ಸುಮಾರು ಹೊತ್ತು ಬರೆದಳು. ಆಮೇಲೆ ತಲೆ ಎತ್ತಿ, “ಅಜ್ಜೀ, ಇದು ಟೊಮ್ಯಾಟೊ ಲೆಕ್ಕವೇ” ಎಂದಳು.

ನನಗೆ ಮೈ ಜುಮ್ಮೆಂದಿತು. ಸಾವಿರ ಎಂಬ ಬಾಕ್ಸಿನಲ್ಲಿ ಹತ್ತರಲ್ಲೊಂದು ಪಾಲು ಮೊದಲೇ ಹೋಗಿದೆ. ಅಜ್ಜಿಯ ಕೈಗೆ ಬಂದದ್ದು ಒಂಬತ್ತು ಪಾಲು. ಸಂಜೆ ಹತ್ತು ಪಾಲು ತುಂಬಿಸಬೇಕು. ಕಾಣದ ಆ ಒಂದು ಪಾಲಿನ ಭಾರವನ್ನು ಕೈಗೆ ಬಂದ ಒಂಬತ್ತು ಹೊರಬೇಕು. ನೂರಕ್ಕೆ ಹತ್ತು ಅಲ್ಲ, ನೂರಕ್ಕೆ ಹನ್ನೊಂದು ಚಿಲ್ಲರೆ, ಅದೂ ಒಂದು ಹಗಲಿಗೆ. ಬೈಕಿನ ಹುಡುಗ ನೂರು ಎಂದು ತೋರಿಸುವುದು ಅಜ್ಜಿ ಕೈಯಿಂದ ಮುಟ್ಟದೇ ಇದ್ದ ದುಡ್ಡನ್ನೂ ಸೇರಿಸಿಕೊಂಡು.

ಆ ನೂರು ರೂಪಾಯಿಯನ್ನು ಇನ್ನೊಂದು ಕಡೆಯಿಂದಲೂ ನೋಡಿದೆವು. ಅವತ್ತು ಅಜ್ಜಿ ಹಾಕಿದ್ದು 900, ಟೊಮ್ಯಾಟೊ ಮತ್ತು ಉಳಿದದ್ದೆಲ್ಲ ಮಾರಿ ಬಂದದ್ದು 1,150. ಹನ್ನೆರಡು ಗಂಟೆ ಬಿಸಿಲಲ್ಲಿ ಕೂತ ದುಡಿಮೆ 250. ಅದರಲ್ಲಿ ನೂರು ಬೈಕಿನ ಮೇಲೆ ಹೋಯಿತು. ದುಡಿಮೆಯ ಪಕ್ಕ ಇಟ್ಟರೆ ಅದೇ ನೂರು ಶೇಕಡಾ 40. ಒಂದೇ ನೋಟಿಗೆ ಮೂರು ಶೇಕಡಾ: ಸಾಲ ಕೊಟ್ಟವನ ಬಾಯಲ್ಲಿ 10, ಕೈಗೆ ಬಂದ ದುಡ್ಡಿನ ಮೇಲೆ 11, ದುಡಿದದ್ದರ ಮೇಲೆ 40. ಮೂರೂ ಅಂಕಿಗಳು ಸರಿಯಾಗಿಯೇ ಇವೆ. ಆದರೆ ಅಜ್ಜಿಯ ಮನೆಯ ಅನ್ನವನ್ನು ಮುಟ್ಟುವುದು ಕೊನೆಯದು.

ಬ್ಯಾಂಕಿನ ಸಾಲವಾಗಿದ್ದರೆ ಎಷ್ಟಾಗುತ್ತಿತ್ತು ಎಂದು ಪುಟ್ಟಿ ಕೇಳಿದಳು. ವರ್ಷಕ್ಕೆ ಶೇಕಡಾ 12 ಎಂದು ಇಟ್ಟುಕೊಂಡು ಹಾಕಿದೆವು. 900ಕ್ಕೆ ವರ್ಷಕ್ಕೆ 108 ರೂಪಾಯಿ, 365 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 30 ಪೈಸೆ. ನೂರು ರೂಪಾಯಿ ಇರುವ ಜಾಗದಲ್ಲಿ ಮೂವತ್ತು ಪೈಸೆ. ಹುಡುಗಿ ಬಿಂದು ತಪ್ಪು ಜಾಗದಲ್ಲಿ ಇಟ್ಟೆನೇನೋ ಎಂದು ಎರಡು ಸಲ ಭಾಗಾಕಾರ ಮಾಡಿದಳು.

ಸರ್ಕಾರಗಳಿಗೆ ಇದು ತಿಳಿಯದ ವಿಷಯವಲ್ಲ. ನಮ್ಮ ರಾಜ್ಯ 2018ರಲ್ಲಿ ‘ಬಡವರ ಬಂಧು’ ಎಂದು ಬೀದಿ ವ್ಯಾಪಾರಿಗಳಿಗೆ 2,000ದಿಂದ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲದ ಯೋಜನೆ ತಂದಿತು. 2020ರ ಜೂನಿನಲ್ಲಿ ಕೇಂದ್ರದ ‘ಪಿ.ಎಂ. ಸ್ವನಿಧಿ’ ಬಂತು, ಆಗ ಮೊದಲ ಸಾಲ 10,000 ರೂಪಾಯಿ, ಕಂತು ಸರಿಯಾಗಿ ಕಟ್ಟಿದರೆ ಬಡ್ಡಿಯಲ್ಲಿ ಶೇಕಡಾ 7ರಷ್ಟು ಸಹಾಯಧನ. ಆದರೆ ಬ್ಯಾಂಕಿಗೆ ಹೋಗಿ ಬರಲು ಒಂದು ದಿನದ ವ್ಯಾಪಾರ ಬಿಡಬೇಕು, ಬೀದಿ ವ್ಯಾಪಾರಿ ಎಂಬುದಕ್ಕೆ ಗುರುತಿನ ಚೀಟಿಯೋ ಪತ್ರವೋ ಬೇಕು. ಬೈಕಿನ ಹುಡುಗನಿಗೆ ಯಾವ ಕಾಗದವೂ ಬೇಡ, ಬೆಳಗಿನ ನಾಲ್ಕಕ್ಕೆ ದುಡ್ಡು ಹಿಡಿದು ನಿಂತಿರುತ್ತಾನೆ. ಅವನಿಗೆ ಕೊಡುವ ನೂರರಲ್ಲಿ ಈ ಸಲೀಸಿನ ಬೆಲೆಯೂ ಸೇರಿದೆ ಎಂದು ನನಗೆ ಗೊತ್ತು. ಹಾಗಿದ್ದರೂ ದಿನಕ್ಕೆ ನೂರು ಎಂದರೆ 25 ದಿನಕ್ಕೆ 2,500, ಸಾಲ ಮಾತ್ರ ಅದೇ 900ರಲ್ಲೇ ನಿಂತಿರುತ್ತದೆ ಎಂಬುದನ್ನು ಬರೆಯುವಾಗ ಈಗಲೂ ನನ್ನ ಕೈ ಬಿಸಿಯಾಗುತ್ತದೆ.

ಕಾಗದ ಮಾಡಿಸಲು ಅಜ್ಜಿಯ ಜೊತೆ ಒಂದು ದಿನ ಹೋಗುವುದೆಂದು ನಾನು ಒಪ್ಪಿಕೊಂಡೆ. ಅಷ್ಟರವರೆಗೆ ಏನು ಮಾಡುವುದೆಂದು ಲೆಕ್ಕ ಹಾಕಿದ್ದು ಪುಟ್ಟಿ. ಬೈಕಿನ ನೂರು ಕಳೆದ ಮೇಲೆ 150 ಉಳಿಯುತ್ತದೆ. ಅದರಲ್ಲಿ 50 ಬೇರೆ ಇಟ್ಟರೆ 18 ದಿನಕ್ಕೆ 900, ಹತ್ತೊಂಬತ್ತನೇ ದಿನ ಸ್ವಂತ ದುಡ್ಡಿನಲ್ಲಿ ಮಂಡಿಗೆ ಹೋಗಬಹುದು. ಅಜ್ಜಿ ತಕ್ಷಣ ಒಪ್ಪಲಿಲ್ಲ. ಮಳೆ ಬಂದ ದಿನ ಐವತ್ತು ಎಲ್ಲಿಂದ? ಹಬ್ಬಕ್ಕೆ ಯಾರಾದರೂ ಬಂದರೆ? ಹಾಗಾದರೆ ಆ ದಿನ ಬಿಟ್ಟು ಮಾರನೇ ದಿನ ಇಡೋಣ, ದಿನ ಹೆಚ್ಚಾಗಲಿ ಎಂದು ಪುಟ್ಟಿ ವಾದಿಸಿದಳು.

ಆಯುಧಪೂಜೆಯ ಹಿಂದಿನ ದಿನ ಬೂದುಗುಂಬಳದ ವ್ಯಾಪಾರ ಜೋರಾಗಿತ್ತು. ಕತ್ತಲಾದ ಮೇಲೆ ನಾನು ಹೋದಾಗ ಅಜ್ಜಿ ತಕ್ಕಡಿ ಒರೆಸುತ್ತಿದ್ದರು. ಪುಟ್ಟಿ ಹಳೆಯ ಹಾರ್ಲಿಕ್ಸ್ ಬಾಟಲಿಗೆ ಐವತ್ತರ ನೋಟೊಂದನ್ನು ಮಡಚಿ ಹಾಕಿ ಮುಚ್ಚಳ ತಿರುಗಿಸಿದಳು.

“ನೂರಕ್ಕೆ ಎಷ್ಟಾಯ್ತೆ?” ಎಂದು ಅಜ್ಜಿ ಕೇಳಿದರು.

ಪುಟ್ಟಿ ನೋಟ್‌ಬುಕ್ ಬಿಚ್ಚಲಿಲ್ಲ. “ಯಾವ ನೂರಕ್ಕೆ ಅಜ್ಜಿ?”

ಅಜ್ಜಿ ತಕ್ಕಡಿಯನ್ನು ಚೀಲಕ್ಕೆ ಇಳಿಸುತ್ತ ಸ್ವಲ್ಪ ಹೊತ್ತು ಯೋಚಿಸಿದರು. “ನಮ್ಮ ಒಂಬೈನೂರಕ್ಕೆ.”

“ಐದೂವರೆ” ಎಂದಳು ಪುಟ್ಟಿ.